ನಿಮ್ಮ ಜಮೀನಿನಲ್ಲಿ ಬೇರೆಯವರ ಸ್ವಾಧೀನ: 12 ವರ್ಷದ ಎಣಿಕೆಯನ್ನು ಮಾಡುವುದು ಹೇಗೆ, ನಿಲ್ಲಿಸುವುದು ಹೇಗೆ

‘ನಮ್ಮ ಜಾಗದಲ್ಲಿ ಬೇರೆಯವರು 12 ವರ್ಷಕ್ಕಿಂತ ಹೆಚ್ಚು ಕಾಲದಿಂದ ಇದ್ದಾರೆ, ಜಾಗ ಅವರದೇ ಆಗಿಬಿಡುತ್ತದೆಯೇ?’ ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಕೇವಲ 12 ವರ್ಷ ಇದ್ದ ಮಾತ್ರಕ್ಕೆ ಜಾಗ ಅವರದಾಗುವುದಿಲ್ಲ. ಆದರೆ ಒಂದು ನಿರ್ದಿಷ್ಟ ರೀತಿಯಲ್ಲಿ 12 ವರ್ಷ ಇದ್ದು, ಅಷ್ಟೂ ಕಾಲ ಮಾಲೀಕರು ಸ್ವಾಧೀನ ಕೇಳಿ ನ್ಯಾಯಾಲಯಕ್ಕೆ ಹೋಗದೆ ಇದ್ದರೆ ಜಾಗ ಕೈತಪ್ಪುವುದು ನಿಜ. ಈ ಲೇಖನವನ್ನು ಮುಖ್ಯವಾಗಿ ಮಾಲೀಕರಿಗಾಗಿ ಬರೆದಿದ್ದೇನೆ. ಎಣಿಕೆ ಯಾವ ದಿನದಿಂದ ಆರಂಭವಾಗುತ್ತದೆ, ಯಾವುದರಿಂದ ನಿಲ್ಲುತ್ತದೆ ಎಂಬ ಎರಡೇ ವಿಷಯಗಳ ಮೇಲೆ ಹೆಚ್ಚು ಗಮನ ಕೊಟ್ಟಿದ್ದೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ.

ಮೊದಲು ಕಾನೂನಿನ ಚೌಕಟ್ಟನ್ನು ನೋಡೋಣ. ಬೇರೆಯವರ ಸ್ಥಿರಾಸ್ತಿಯನ್ನು ಮಾಲೀಕರ ಹಕ್ಕಿಗೆ ವಿರುದ್ಧವಾಗಿ, ತನ್ನದೇ ಎಂಬಂತೆ ಬಹಿರಂಗವಾಗಿ ಅನುಭವಿಸುವುದನ್ನು ‘ಪ್ರತಿಕೂಲ ಸ್ವಾಧೀನ’ ಎನ್ನುತ್ತಾರೆ. ನ್ಯಾಯಾಲಯದ ಆವರಣದಲ್ಲಿ ‘ಅಡ್ವರ್ಸ್ ಪೊಸೆಷನ್’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. 1963ರ ಕಾಲಮಿತಿ ಅಧಿನಿಯಮದ, ಅಂದರೆ ಲಿಮಿಟೇಷನ್ ಆಕ್ಟ್‌ನ, 65ನೇ ಅನುಚ್ಛೇದದ ಪ್ರಕಾರ ತನ್ನ ಮಾಲೀಕತ್ವದ ಆಧಾರದ ಮೇಲೆ ಸ್ವಾಧೀನ ಕೇಳುವ ದಾವೆಯನ್ನು 12 ವರ್ಷದೊಳಗೆ ಹೂಡಬೇಕು, ಮತ್ತು ಆ 12 ವರ್ಷ ಎದುರಾಳಿಯ ಸ್ವಾಧೀನವು ‘ಪ್ರತಿಕೂಲವಾದ’ ದಿನದಿಂದ ಆರಂಭವಾಗುತ್ತದೆ. ಜಮೀನು ಸರ್ಕಾರದ್ದಾದರೆ 112ನೇ ಅನುಚ್ಛೇದದಂತೆ ಈ ಅವಧಿ 30 ವರ್ಷ. ಅವಧಿ ಮುಗಿದರೆ ಮಾಲೀಕರು ದಾವೆ ಹೂಡುವ ಅವಕಾಶವನ್ನಷ್ಟೇ ಅಲ್ಲ, ಅದೇ ಕಾಯ್ದೆಯ 27ನೇ ಕಲಮಿನಂತೆ ಆ ಆಸ್ತಿಯ ಮೇಲಿನ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಬೇರೆ ವಿಷಯಗಳಲ್ಲಿ, ಉದಾಹರಣೆಗೆ ಸಾಲದ ವಸೂಲಿಯಲ್ಲಿ, ಕಾಲಮಿತಿ ಮೀರಿದರೂ ಸಾಲ ಸಾಲವಾಗಿಯೇ ಉಳಿಯುತ್ತದೆ. ಭೂಮಿಯ ವಿಷಯದಲ್ಲಿ ಹಾಗಿಲ್ಲ.

1. ಅವರು ಒಳಗೆ ಬಂದದ್ದು ಹೇಗೆ ಎಂಬುದನ್ನು ಬರೆದಿಟ್ಟುಕೊಳ್ಳಿ

ನಿಮ್ಮ ಜಾಗದಲ್ಲಿರುವವರು ನಿಮ್ಮ ಅಥವಾ ನಿಮ್ಮ ಹಿರಿಯರ ಅನುಮತಿಯಿಂದ ಬಂದವರೇ, ಅನುಮತಿಯಿಲ್ಲದೆ ಒತ್ತುವರಿ ಮಾಡಿದವರೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕು. ಅನುಮತಿಯಿಂದ ಬಂದವರ ಸ್ವಾಧೀನ ಎಷ್ಟು ದೀರ್ಘವಾದರೂ ತಾನಾಗಿಯೇ ಪ್ರತಿಕೂಲವಾಗುವುದಿಲ್ಲ. ಮನೆ ನೋಡಿಕೊಳ್ಳಲು ಇಟ್ಟ ಕಾವಲುಗಾರ, ಆಶ್ರಯ ಕೊಟ್ಟ ಬಂಧು, ಕ್ರಯದ ಕರಾರು ಮಾಡಿಕೊಂಡು ಕ್ರಯಪತ್ರಕ್ಕಿಂತ ಮೊದಲೇ ಸ್ವಾಧೀನ ಪಡೆದ ಖರೀದಿದಾರ, ಇವರೆಲ್ಲ ಮಾಲೀಕರ ಒಪ್ಪಿಗೆಯ ನೆರಳಿನಲ್ಲಿ ಇರುವವರು. ಅಂಥವರು ‘ಇದು ನಿಮ್ಮದಲ್ಲ, ನನ್ನದು’ ಎಂದು ಮಾಲೀಕರ ಮುಂದೆ ಬಹಿರಂಗವಾಗಿ ಘೋಷಿಸಿದ ದಿನದಿಂದ ಮಾತ್ರ ಎಣಿಕೆ ಆರಂಭವಾಗುತ್ತದೆ.

ಒಟ್ಟು ಕುಟುಂಬದ ಅಥವಾ ಜಂಟಿ ಆಸ್ತಿಯಲ್ಲಿ ಈ ನಿಯಮ ಇನ್ನೂ ಬಿಗಿಯಾಗಿದೆ. ಒಬ್ಬ ಸಹಮಾಲೀಕನ ಸ್ವಾಧೀನವು ಎಲ್ಲರ ಪರವಾದ ಸ್ವಾಧೀನವೆಂದೇ ಕಾನೂನು ಭಾವಿಸುತ್ತದೆ. ಅಣ್ಣ ಊರಿನಲ್ಲಿದ್ದು ಎಲ್ಲ ಬೆಳೆಯನ್ನೂ ತಾನೇ ತೆಗೆದುಕೊಂಡ ಎಂಬುದಷ್ಟರಿಂದಲೇ ತಂಗಿಯ ಪಾಲು ಹೋಗುವುದಿಲ್ಲ. ಆಕೆಗೆ ಪಾಲೇ ಇಲ್ಲವೆಂದು ನಿರಾಕರಿಸಿ ಆಕೆಯನ್ನು ಹೊರಗಿಟ್ಟಿದ್ದು ಆಕೆಗೆ ತಿಳಿಯುವಂತೆ ನಡೆದಿರಬೇಕು.

ಬಾಡಿಗೆದಾರರ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಬಾಡಿಗೆ ನಡೆಯುತ್ತಿರುವಷ್ಟು ಕಾಲ ಬಾಡಿಗೆದಾರ ನಿಮ್ಮ ಮಾಲೀಕತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ 12 ವರ್ಷದೊಳಗೆ ನೀವು ಸ್ವಾಧೀನಕ್ಕಾಗಿ ದಾವೆ ಹೂಡಬೇಕೆಂದು 67ನೇ ಅನುಚ್ಛೇದ ಹೇಳುತ್ತದೆ. ‘ಬಾಡಿಗೆದಾರ ಎಂದಿಗೂ ಮಾಲೀಕನಾಗಲಾರ’ ಎಂಬ ಮಾತನ್ನು ನಂಬಿ, ಬಾಡಿಗೆ ಮುಗಿಸುವ ನೋಟಿಸ್ ಕೊಟ್ಟ ಬಳಿಕ ಸುಮ್ಮನೆ ಕುಳಿತವರು ತೊಂದರೆಗೆ ಸಿಲುಕುತ್ತಾರೆ.

2. ಎಣಿಕೆಯ ಮೊದಲ ದಿನವನ್ನು ಗುರುತಿಸಿ

ಪ್ರತಿಕೂಲ ಸ್ವಾಧೀನವೆನ್ನಿಸಿಕೊಳ್ಳಲು ಅದು ಬಲಾತ್ಕಾರದಿಂದ ಬಂದದ್ದಾಗಿರಬಾರದು, ಗುಟ್ಟಾಗಿರಬಾರದು, ಅನುಮತಿಯಿಂದಲೂ ಆಗಿರಬಾರದು. ಇದು ಬಹಳ ಹಳೆಯ ಸೂತ್ರ. ಕರ್ನಾಟಕ ವಕ್ಫ್ ಮಂಡಳಿ ಮತ್ತು ಭಾರತ ಸರ್ಕಾರದ ನಡುವಿನ 2004ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪುನರುಚ್ಚರಿಸಿ, ಪ್ರತಿಕೂಲ ಸ್ವಾಧೀನ ಹೇಳಿಕೊಳ್ಳುವವರು ಯಾವ ದಿನ ಸ್ವಾಧೀನಕ್ಕೆ ಬಂದರು, ಆ ಸ್ವಾಧೀನದ ಸ್ವರೂಪವೇನು, ಅದು ಮಾಲೀಕರಿಗೆ ತಿಳಿದಿತ್ತೇ, ಎಷ್ಟು ಕಾಲ ನಡೆಯಿತು, ಅದು ಬಹಿರಂಗವೂ ಅಡೆತಡೆಯಿಲ್ಲದ್ದೂ ಆಗಿತ್ತೇ ಎಂಬುದನ್ನು ಸ್ಪಷ್ಟವಾಗಿ ಹೇಳಿ ಸಾಬೀತುಪಡಿಸಬೇಕೆಂದಿತು. ಇವನ್ನು ಸಾಬೀತುಪಡಿಸುವ ಹೊಣೆ ಸಂಪೂರ್ಣವಾಗಿ ಅವರದೇ.

‘ಮಾಲೀಕರಿಗೆ ತಿಳಿದಿತ್ತೇ’ ಎಂಬುದನ್ನು ಅನೇಕರು ತಪ್ಪಾಗಿ ಓದುತ್ತಾರೆ. ನಿಮಗೆ ನಿಜವಾಗಿ ಗೊತ್ತಿರಲಿಲ್ಲ ಎಂಬುದೊಂದೇ ನಿಮ್ಮನ್ನು ಕಾಪಾಡುವುದಿಲ್ಲ. ಸ್ಥಳಕ್ಕೆ ಬಂದು ಕಣ್ಣು ಹಾಯಿಸುವ ಯಾವ ಮಾಲೀಕರಿಗಾದರೂ ಗೊತ್ತಾಗುವಷ್ಟು ಅದು ಬಹಿರಂಗವಾಗಿದ್ದರೆ ಸಾಕು. ಹದ್ದಿನ ಕಲ್ಲನ್ನು ರಾತ್ರೋರಾತ್ರಿ ಎರಡು ಅಡಿ ಸರಿಸಿದ್ದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಜಾಗದಲ್ಲಿ ಎದ್ದ ಕಾಂಪೌಂಡು ಗೋಡೆ ಎಲ್ಲರಿಗೂ ಕಾಣುತ್ತದೆ. ದೂರದ ಊರಿನಲ್ಲಿರುವ ಮಾಲೀಕರು ವರ್ಷಕ್ಕೊಮ್ಮೆಯಾದರೂ ಸ್ಥಳಕ್ಕೆ ಹೋಗಿ ದಿನಾಂಕವಿರುವ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕೆಂದು ನಾನು ಒತ್ತಾಯಿಸಿ ಹೇಳುವುದು ಇದಕ್ಕಾಗಿ. ಮುಂದೆ ‘ಈ ಗೋಡೆ ಇಂಥ ವರ್ಷದಲ್ಲಿ ಇರಲಿಲ್ಲ’ ಎಂದು ತೋರಿಸಲು ಅಂಥ ಒಂದು ಚಿತ್ರವೇ ನಿಮ್ಮ ಕೈಯಲ್ಲಿರುವ ಗಟ್ಟಿ ಆಧಾರವಾಗಬಹುದು.

ಮೊದಲ ದಿನ ಒಮ್ಮೆ ಬಂದಮೇಲೆ ಎಣಿಕೆ ಸಾಮಾನ್ಯವಾಗಿ ನಡುವೆ ನಿಲ್ಲುವುದಿಲ್ಲ. ಮಾಲೀಕರು ತೀರಿಕೊಂಡು ಮಕ್ಕಳಿಗೆ ಆಸ್ತಿ ಬಂದರೂ, ಮಾಲೀಕರು ಜಾಗವನ್ನು ಬೇರೆಯವರಿಗೆ ಮಾರಿದರೂ ಎಣಿಕೆ ಹೊಸದಾಗಿ ಆರಂಭವಾಗದೆ ಹಳೆಯದೇ ಮುಂದುವರಿಯುತ್ತದೆ. ಯಾರೋ ಕುಳಿತಿರುವ ಜಾಗವನ್ನು ಕಡಿಮೆ ಬೆಲೆಗೆ ಕೊಳ್ಳುವವರು ಆ ಹಳೆಯ ಎಣಿಕೆಯನ್ನೂ ಜೊತೆಗೆ ಕೊಳ್ಳುತ್ತಾರೆ. ಮಾಲೀಕರು ಅಪ್ರಾಪ್ತರಾಗಿದ್ದರೆ ವಿನಾಯಿತಿ ಇದೆ. ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಗರಿಷ್ಠ 3 ವರ್ಷದವರೆಗೆ ದಾವೆ ಹೂಡಬಹುದು. ಆದರೆ ಎಣಿಕೆ ಆರಂಭವಾದ ದಿನವೇ ಅವರು ಮಾಲೀಕರೂ ಅಪ್ರಾಪ್ತರೂ ಆಗಿದ್ದರೆ ಮಾತ್ರ ಈ ವಿನಾಯಿತಿ ಸಿಗುತ್ತದೆ. ತಂದೆಯ ಕಾಲದಲ್ಲಿ ಆರಂಭವಾದ ಎಣಿಕೆ, ತಂದೆ ತೀರಿಕೊಂಡು ಚಿಕ್ಕ ಮಗು ವಾರಸುದಾರನಾದ ಮಾತ್ರಕ್ಕೆ ನಿಲ್ಲುವುದಿಲ್ಲ.

ಎದುರಾಳಿಯ ಕಡೆಯಲ್ಲೂ ಹೀಗೆಯೇ. ಅತಿಕ್ರಮಣ ಮಾಡಿದಾತನ ಮಗ ಅಥವಾ ಅವನಿಂದ ಪಡೆದುಕೊಂಡವನು ಹಿಂದಿನವನ ವರ್ಷಗಳನ್ನು ತನ್ನ ವರ್ಷಗಳಿಗೆ ಸೇರಿಸಿಕೊಳ್ಳಬಹುದು. ಒಬ್ಬ ಬಿಟ್ಟುಹೋಗಿ, ಜಾಗ ಸ್ವಲ್ಪ ಕಾಲ ಖಾಲಿ ಇದ್ದು, ಅವನಿಗೆ ಸಂಬಂಧವೇ ಇಲ್ಲದ ಮತ್ತೊಬ್ಬ ಬಂದು ಕುಳಿತಿದ್ದರೆ ಹಾಗೆ ಸೇರಿಸಲು ಬರುವುದಿಲ್ಲ.

3. ಕೊನೆಯ ದಿನವನ್ನು ಲೆಕ್ಕ ಹಾಕಿ

ಇದನ್ನು ಒಂದು ಕಲ್ಪಿತ ಪ್ರಕರಣದ ಮೂಲಕ ವಿವರಿಸುತ್ತೇನೆ. ಒಬ್ಬರು ತಮ್ಮ ನಿವೇಶನದಲ್ಲಿದ್ದ ಹಂಚಿನ ಮನೆಯನ್ನು 2001ರಲ್ಲಿ ದೂರದ ಬಂಧುವಿಗೆ, ನೋಡಿಕೊಂಡು ಇರಲೆಂದು, ಬಾಡಿಗೆಯಿಲ್ಲದೆ ಕೊಟ್ಟರು. ಬರಹದಲ್ಲಿ ಏನೂ ಇರಲಿಲ್ಲ. 2008ರ ಜುಲೈಯಲ್ಲಿ ಮಾಲೀಕರು ತೀರಿಕೊಂಡರು. ಮಗಳು 2013ರ ಫೆಬ್ರುವರಿ ಕೊನೆಯಲ್ಲಿ ಮನೆ ಬಿಟ್ಟುಕೊಡುವಂತೆ ಪತ್ರ ಬರೆದರು. 10 ಮಾರ್ಚ್ 2013ರಂದು ಅವರ ಕೈಸೇರಿದ ನೋಂದಾಯಿತ ಅಂಚೆಯ ಉತ್ತರದಲ್ಲಿ ಬಂಧು, ‘ಈ ಮನೆ ನನ್ನದು, ನಿಮಗೆ ಇದರಲ್ಲಿ ಯಾವ ಹಕ್ಕೂ ಇಲ್ಲ’ ಎಂದಿದ್ದರು. ಮಗಳು 2014ರಲ್ಲಿ ಮತ್ತು 2018ರಲ್ಲಿ ವಕೀಲರ ನೋಟಿಸ್ ಕಳುಹಿಸಿದರು. 2016ರಲ್ಲಿ, ಬಂಧು ಮನೆಯನ್ನು ಮಾರದಂತೆ ನಿರ್ಬಂಧಕಾಜ್ಞೆ ಕೇಳಿ ಒಂದು ದಾವೆಯನ್ನೂ ಹೂಡಿದ್ದರು. ಹಾಜರಾಗದ ಕಾರಣ ಅದು 2021ರಲ್ಲಿ ವಜಾ ಆಯಿತು.

ಬಂಧುವಿನ ಮೊದಲ ವಾದ ‘2001ರಿಂದ ಎಣಿಸಿದರೆ 2013ಕ್ಕೇ 12 ವರ್ಷ ಮುಗಿದಿದೆ’ ಎಂಬುದು. ಅದು ನಿಲ್ಲುವುದಿಲ್ಲ, ಏಕೆಂದರೆ 2001ರ ಪ್ರವೇಶ ಅನುಮತಿಯಿಂದ ಆದದ್ದು. ಎರಡನೆಯ ವಾದ ಸ್ವಲ್ಪ ಜಾಣತನದ್ದು: ‘ಅನುಮತಿ ಕೊಟ್ಟವರು 2008ರಲ್ಲಿ ತೀರಿಕೊಂಡಾಗಲೇ ಅನುಮತಿ ಮುಗಿಯಿತು, ಅಲ್ಲಿಂದ ನನ್ನ ಸ್ವಾಧೀನ ಪ್ರತಿಕೂಲವಾಯಿತು.’ ಅನುಮತಿ ಮುಗಿಯುವುದೇ ಬೇರೆ, ಮಾಲೀಕರ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆಯುವುದೇ ಬೇರೆ. 2008ರಿಂದ 2013ರವರೆಗೆ ಬಂಧು ಮೊದಲಿನಂತೆಯೇ ಸುಮ್ಮನೆ ಇದ್ದರೇ ಹೊರತು ಮಗಳ ಹಕ್ಕನ್ನು ನಿರಾಕರಿಸುವ ಯಾವ ಕೆಲಸವನ್ನೂ ಮಾಡಲಿಲ್ಲ. ಆದ್ದರಿಂದ ಆ ವಾದವೂ ದುರ್ಬಲ. ಉತ್ತರ ತಲುಪಿದ ದಿನದಿಂದ ಎಣಿಸಿದರೆ 12 ವರ್ಷ 10 ಮಾರ್ಚ್ 2025ಕ್ಕೆ ಮುಗಿಯುತ್ತದೆ. ಮಗಳು ಅದರೊಳಗೆ, ಉದಾಹರಣೆಗೆ 3 ಫೆಬ್ರುವರಿ 2025ರಂದು, ಸ್ವಾಧೀನ ಕೇಳಿ ದಾವೆ ಹೂಡಿದ್ದರೆ ಅದು ಕಾಲಮಿತಿಯೊಳಗೇ ಇದೆ.

ಕೋವಿಡ್ ಕಾರಣದಿಂದ 15 ಮಾರ್ಚ್ 2020ರಿಂದ 28 ಫೆಬ್ರುವರಿ 2022ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಹೊರಗಿಡಬೇಕೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಆದೇಶಿಸಿದೆ. ಎಣಿಕೆಯ ನಡುವೆ ಆ ಅವಧಿ ಬಂದಿದ್ದರೆ ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ. ದಿನಾಂಕ ಮೀರಿಹೋದವರಿಗೆ ಇದು ಕೊನೆಯ ಆಸರೆಯಾಗಬಹುದು. ಇನ್ನೂ ಸಮಯವಿರುವವರು ಇದನ್ನು ಲೆಕ್ಕಕ್ಕೆ ಹಿಡಿಯದೆ ಸಾದಾ 12 ವರ್ಷವನ್ನೇ ಕೊನೆಯ ಗಡಿಯೆಂದು ಭಾವಿಸುವುದು ಕ್ಷೇಮ.

4. ಎಣಿಕೆಯನ್ನು ನಿಲ್ಲಿಸುವ ಹೆಜ್ಜೆಯನ್ನೇ ಇಡಿ

ಮೇಲಿನ ಪ್ರಕರಣದಲ್ಲಿ ಮಗಳು ಕಳುಹಿಸಿದ ಎರಡು ನೋಟಿಸುಗಳೂ, ಹೂಡಿದ ನಿರ್ಬಂಧಕಾಜ್ಞೆಯ ದಾವೆಯೂ ಎಣಿಕೆಯನ್ನು ಒಂದು ದಿನದ ಮಟ್ಟಿಗೂ ನಿಲ್ಲಿಸಲಿಲ್ಲ. ಇದು ಬಹಳ ಜನರಿಗೆ ಆಘಾತ ಕೊಡುವ ಸಂಗತಿ. ನೋಟಿಸ್ ಕೊಟ್ಟಿದ್ದೇವೆ, ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಪಂಚಾಯಿತಿಯಲ್ಲಿ ಮಾತಾಡಿದ್ದೇವೆ, ತಹಶೀಲ್ದಾರರಿಗೆ ಅರ್ಜಿ ಹಾಕಿದ್ದೇವೆ ಎಂದು ವರ್ಷಗಟ್ಟಲೆ ನಿಶ್ಚಿಂತೆಯಿಂದ ಇದ್ದ ಮಾಲೀಕರ ಕಷ್ಟ ನೋಡಿದಾಗ ಮನಸ್ಸಿಗೆ ಬೇಸರವಾಗುತ್ತದೆ. ಇವೆಲ್ಲ ಸಾಕ್ಷ್ಯವಾಗಿ ಉಪಯೋಗಕ್ಕೆ ಬರುತ್ತವೆ, ಆದರೆ ಎಣಿಕೆಯನ್ನು ತಡೆಯುವುದಿಲ್ಲ. ತಡೆಯುವುದು ಮೂರೇ ಸಂಗತಿಗಳು.

ಮೊದಲನೆಯದು, ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನವನ್ನೇ ಕೇಳಿ ಹೂಡುವ ದಾವೆ. ಇಂಥ ದಾವೆಯಲ್ಲಿ ಆಸ್ತಿಯ ಮೌಲ್ಯದ ಮೇಲೆ ನ್ಯಾಯಾಲಯ ಶುಲ್ಕ ಕಟ್ಟಬೇಕಾಗಿ ಬರುವುದರಿಂದ, ಖರ್ಚು ಉಳಿಸಲೆಂದು ಅನೇಕರು ಬರೀ ನಿರ್ಬಂಧಕಾಜ್ಞೆ ಕೇಳುತ್ತಾರೆ. ನಿಮ್ಮ ಕೈಯಲ್ಲಿ ಸ್ವಾಧೀನವಿಲ್ಲದಾಗ ಬರೀ ನಿರ್ಬಂಧಕಾಜ್ಞೆಯ ದಾವೆ ಗೆಲ್ಲುವುದೂ ಕಷ್ಟ, ಅದು ನಡೆಯುತ್ತಿರುವಾಗ ವರ್ಷಗಳು ಉರುಳುವುದೂ ನಿಲ್ಲುವುದಿಲ್ಲ.

ಎರಡನೆಯದು, ನಿಮ್ಮ ಹಕ್ಕನ್ನು ಒಪ್ಪಿಕೊಂಡು ಎದುರಾಳಿ ಸಹಿ ಹಾಕಿದ ಬರಹ. ‘ಈ ಜಾಗ ಇಂಥವರದು, ನಾನು ಅವರ ಅನುಮತಿಯಿಂದ ಇದ್ದೇನೆ’ ಎಂಬ ನಾಲ್ಕು ಸಾಲು ಸಾಕು. ಆದರೆ ಅದನ್ನು 12 ವರ್ಷ ಮುಗಿಯುವ ಮೊದಲೇ ಪಡೆಯಬೇಕು. ಮುಗಿದ ಮೇಲೆ ಪಡೆದ ಒಪ್ಪಿಗೆ, ಆಗಲೇ ಹೋದ ಹಕ್ಕನ್ನು ಮರಳಿ ತರುವುದಿಲ್ಲ. ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಿಕೊಳ್ಳಬೇಡಿ.

ಮೂರನೆಯದು, ಸ್ವಾಧೀನ ನಿಜವಾಗಿಯೂ ನಿಮ್ಮ ಕೈಗೆ ಮರಳುವುದು. ಇಲ್ಲಿ ಬಲಪ್ರಯೋಗಕ್ಕೆ ಇಳಿಯಬೇಡಿ. ನೆಲೆಯೂರಿರುವ ಸ್ವಾಧೀನದಲ್ಲಿರುವವರನ್ನು, ಅವರು ಅತಿಕ್ರಮಿಗಳೇ ಆಗಿದ್ದರೂ, ಕಾನೂನಿನ ಮಾರ್ಗದಿಂದಲ್ಲದೆ ಹೊರಹಾಕುವಂತಿಲ್ಲವೆಂದು ರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿದರೆ, ಮಾಲೀಕರು ಯಾರು ಎಂಬ ಪ್ರಶ್ನೆಗೇ ಹೋಗದೆ ನ್ಯಾಯಾಲಯ ಸ್ವಾಧೀನವನ್ನು ಅವರಿಗೆ ಮರಳಿಸಬಹುದು. ಇದೇ ಕಲಮು ನಿಮಗೂ ಉಪಯೋಗಕ್ಕೆ ಬರುತ್ತದೆ: ಒತ್ತುವರಿ ಆದದ್ದು ಇತ್ತೀಚೆಗೆ ಎಂದಾದರೆ, 6 ತಿಂಗಳೊಳಗೆ ಹೋದವರಿಗೆ ಮಾಲೀಕತ್ವ ಸಾಬೀತುಪಡಿಸುವ ಹೊರೆಯಿಲ್ಲದ ಹತ್ತಿರದ ದಾರಿ ಇದೆ.

5. ದಾವೆಗೆ ಬೇಕಾದದ್ದನ್ನು ಹೊಂದಿಸಿಕೊಳ್ಳಿ

65ನೇ ಅನುಚ್ಛೇದದ ಅಡಿಯಲ್ಲಿ ನೀವು ಸಾಬೀತುಪಡಿಸಬೇಕಾದದ್ದು ನಿಮ್ಮ ಮಾಲೀಕತ್ವವನ್ನು. ಹಿಂದಿನ 12 ವರ್ಷದಲ್ಲಿ ನೀವೇ ಸ್ವಾಧೀನದಲ್ಲಿದ್ದಿರೆಂದು ತೋರಿಸಬೇಕಾಗಿಲ್ಲ. ಆ ಹೊರೆ ಇದ್ದದ್ದು 1908ರ ಹಳೆಯ ಕಾಯ್ದೆಯ ಕಾಲದಲ್ಲಿ, ಈಗಲೂ ಕೆಲವು ಹಿರಿಯರು ಹಾಗೆಂದೇ ಹೇಳುತ್ತಾರೆ. ಮಾಲೀಕತ್ವಕ್ಕಾಗಿ ಕ್ರಯಪತ್ರ, ವಿಭಾಗಪತ್ರ ಅಥವಾ ಮರಣಶಾಸನ, ಅದಕ್ಕೂ ಹಿಂದಿನ ಮೂಲ ದಾಖಲೆಗಳು, ಆಸ್ತಿಯ ಮೇಲಿನ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ, ಹಿರಿಯರಿಂದ ಬಂದಿದ್ದರೆ ವಂಶವೃಕ್ಷ ಬೇಕು. ಒತ್ತುವರಿ ಜಮೀನಿನ ಒಂದು ಭಾಗದಲ್ಲಿ ಮಾತ್ರ ಆಗಿದ್ದರೆ ಮೊದಲು ಹದ್ದುಬಸ್ತು ಅಳತೆ ಮಾಡಿಸಿ, ಎಷ್ಟು ಗುಂಟೆ, ಯಾವ ದಿಕ್ಕಿನಲ್ಲಿ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಆಸ್ತಿಯ ವಿವರಣೆ ಅಸ್ಪಷ್ಟವಾಗಿದ್ದರೆ ಗೆದ್ದ ಮೇಲೂ ತೀರ್ಪನ್ನು ಜಾರಿಗೊಳಿಸುವಾಗ ತೊಡಕಾಗುತ್ತದೆ.

ಪಹಣಿಯ ಬಗ್ಗೆ ಒಂದು ಮಾತು. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ವಿವರ ಇರುತ್ತದೆ. ಪಹಣಿ, ಖಾತೆ, ಕಂದಾಯದ ರಸೀದಿಗಳು ಮಾಲೀಕತ್ವವನ್ನು ಕೊಡುವ ದಾಖಲೆಗಳಲ್ಲ. ನಿಮಗೂ ಅಲ್ಲ, ಎದುರಾಳಿಗೂ ಅಲ್ಲ. ಆದರೆ ಎದುರಾಳಿಯ ಹೆಸರು ಯಾವ ವರ್ಷದಿಂದ ಕಾಣಿಸಿಕೊಂಡಿದೆ ಎಂಬುದು ಅವರ ಸ್ವಾಧೀನದ ಕಾಲವನ್ನು ತಿಳಿಯಲು ಒಳ್ಳೆಯ ಸುಳಿವು. ಆದ್ದರಿಂದ ಹಳೆಯ ವರ್ಷಗಳ ಪ್ರತಿಗಳನ್ನು ಸಾಲಾಗಿ ತೆಗೆದು, ಹೆಸರು ಬದಲಾದ ವರ್ಷವನ್ನು ಗುರುತು ಮಾಡಿ, ಆ ಬದಲಾವಣೆ ಯಾವ ಆಧಾರದ ಮೇಲೆ ಆಯಿತೆಂಬ ಮ್ಯುಟೇಷನ್ ಪ್ರತಿಯನ್ನೂ ಪಡೆಯಿರಿ.

ದಾವೆಯಲ್ಲಿ ಸ್ವಾಧೀನದ ಜೊತೆಗೆ, ಎದುರಾಳಿ ನಿಮ್ಮ ಹಕ್ಕನ್ನು ಅಲ್ಲಗಳೆದಿರುವುದರಿಂದ ಮಾಲೀಕತ್ವದ ಘೋಷಣೆಯನ್ನೂ, ಅಕ್ರಮವಾಗಿ ಅನುಭವಿಸಿದ ಕಾಲದ ಆದಾಯಕ್ಕೆ ಪರಿಹಾರವನ್ನೂ, ದಾವೆ ಮುಗಿಯುವವರೆಗೆ ಆಸ್ತಿಯನ್ನು ಪರಭಾರೆ ಮಾಡದಂತೆ ತಾತ್ಕಾಲಿಕ ನಿರ್ಬಂಧಕಾಜ್ಞೆಯನ್ನೂ ಕೇಳಿಕೊಳ್ಳಿ. ಪರಭಾರೆ ಎಂದರೆ ಮಾರಾಟ, ದಾನ, ಅಡಮಾನ ಮುಂತಾದ ರೀತಿಯಲ್ಲಿ ಬೇರೆಯವರಿಗೆ ಹಕ್ಕು ಕೊಡುವುದು.

6. ಎದುರಾಳಿಯ ಲಿಖಿತ ಹೇಳಿಕೆಯನ್ನು ಹೀಗೆ ಓದಿ

ಪ್ರತಿವಾದಿ ತನ್ನ ಲಿಖಿತ ಹೇಳಿಕೆಯಲ್ಲಿ ‘ಇದು ನಮ್ಮ ಪಿತ್ರಾರ್ಜಿತ ಆಸ್ತಿ; ಅಲ್ಲದಿದ್ದರೆ ಪ್ರತಿಕೂಲ ಸ್ವಾಧೀನದಿಂದ ನಮ್ಮದಾಗಿದೆ’ ಎಂದು ಬರೆಯುವುದು ಸಾಮಾನ್ಯ. ಈ ಎರಡು ವಾದಗಳು ಒಂದಕ್ಕೊಂದು ಹೊಂದುವುದಿಲ್ಲ. ಪ್ರತಿಕೂಲ ಸ್ವಾಧೀನವನ್ನು ಹೇಳುವವರು ಆಸ್ತಿ ಮೂಲದಲ್ಲಿ ನಿಮ್ಮದು ಎಂಬುದನ್ನು ಒಪ್ಪಲೇಬೇಕು, ಏಕೆಂದರೆ ಬೇರೆಯವರ ಹಕ್ಕಿಗೆ ವಿರುದ್ಧವಾದದ್ದಷ್ಟೇ ಪ್ರತಿಕೂಲ. ಇಂಥ ಹೇಳಿಕೆ ಬಂದಾಗ ನಿಮ್ಮ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ, ‘ಯಾವ ದಿನಾಂಕದಿಂದ, ಯಾರ ವಿರುದ್ಧ?’ ಎಂಬುದು. ದಿನಾಂಕ ಹೇಳಲಾರದವರ, ನಿಜವಾದ ಮಾಲೀಕರು ಯಾರೆಂದೇ ತಿಳಿಯದವರ ವಾದ ಅಲ್ಲಿಗೇ ಕುಸಿಯುತ್ತದೆ.

ಇನ್ನೊಂದು ಬದಲಾವಣೆಯನ್ನು ನೀವು ತಿಳಿದಿರಬೇಕು. ಪ್ರತಿಕೂಲ ಸ್ವಾಧೀನವನ್ನು ಪ್ರತಿವಾದಿ ಗುರಾಣಿಯಂತೆ ಮಾತ್ರ ಬಳಸಬಹುದು, ತಾನೇ ವಾದಿಯಾಗಿ ಅದರ ಆಧಾರದಲ್ಲಿ ದಾವೆ ಹೂಡುವಂತಿಲ್ಲ ಎಂಬ ಅಭಿಪ್ರಾಯ ಕೆಲವು ವರ್ಷ ಇತ್ತು. ರವೀಂದರ್ ಕೌರ್ ಗ್ರೇವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2019ರ ಆಗಸ್ಟ್‌ನಲ್ಲಿ ಅದನ್ನು ಬದಲಿಸಿತು. ಈಗ 12 ವರ್ಷ ಪೂರೈಸಿದವರು ತಾವೇ ಮುಂದಾಗಿ ಮಾಲೀಕತ್ವದ ಘೋಷಣೆ ಕೇಳಬಹುದು. ಅವಧಿ ಮುಗಿದ ಮೇಲೆ ಮಾಲೀಕರು ಅವರನ್ನು ಹೊರಹಾಕಿದ್ದರೆ ಸ್ವಾಧೀನವನ್ನು ಮರಳಿ ಕೇಳಬಹುದು. ಹಾಗಾಗಿ ನ್ಯಾಯಾಲಯದಿಂದ ನಿಮಗೆ ಸಮನ್ಸ್ ಬಂದರೆ, ‘ದಾಖಲೆ ನಮ್ಮ ಹೆಸರಿನಲ್ಲಿದೆ, ಅವರೇನು ಮಾಡಲಾದೀತು’ ಎಂದು ಹಾಜರಾಗದೆ ಇರಬೇಡಿ. ಏಕಪಕ್ಷೀಯ ತೀರ್ಪು, ಅಂದರೆ ನಿಮ್ಮ ಮಾತು ಕೇಳದೆಯೇ ಕೊಡುವ ತೀರ್ಪು, ಬಂದರೆ ಅದನ್ನು ರದ್ದುಪಡಿಸುವುದೇ ಬೇರೊಂದು ಹೋರಾಟವಾಗುತ್ತದೆ.

7. ತೀರ್ಪು ಬಂದ ಮೇಲೆ ಜಾರಿ ಮಾಡಿಸಿ

ಸ್ವಾಧೀನದ ಡಿಕ್ರಿಯನ್ನು, ಅಂದರೆ ನ್ಯಾಯಾಲಯದ ಅಂತಿಮ ಆದೇಶವನ್ನು, ಜಾರಿಗೊಳಿಸುವ ಅರ್ಜಿಗೂ 136ನೇ ಅನುಚ್ಛೇದದ ಪ್ರಕಾರ 12 ವರ್ಷದ ಮಿತಿ ಇದೆ. ಗೆದ್ದೆವೆಂಬ ಸಮಾಧಾನದಲ್ಲಿ ಅದನ್ನು ಪೆಟ್ಟಿಗೆಯಲ್ಲಿಟ್ಟು, ಎದುರಾಳಿಯನ್ನು ಮೊದಲಿನಂತೆಯೇ ಇರಲು ಬಿಡುವವರಿದ್ದಾರೆ. ಮೇಲ್ಮನವಿಯಲ್ಲಿ ತಡೆಯಾಜ್ಞೆ ಇಲ್ಲದಿದ್ದರೆ ತಡಮಾಡದೆ ಜಾರಿ ಅರ್ಜಿ ಹಾಕಿ, ನ್ಯಾಯಾಲಯದ ಅಮೀನರು ಸ್ಥಳದಲ್ಲೇ ಸ್ವಾಧೀನ ಕೊಟ್ಟ ದಿನ ಮಹಜರು ಬರೆಸಿ, ಅದರ ದೃಢೀಕೃತ ಪ್ರತಿಯನ್ನು ಪಡೆದು, ಅದೇ ವಾರ ಬೇಲಿ ಅಥವಾ ಗೋಡೆ ಹಾಕಿಸಿ. ಮುಂದೆ ಯಾರನ್ನಾದರೂ ಅಲ್ಲಿ ಇರಿಸುವುದಾದರೆ, ಅವರು ನಿಮ್ಮ ಅನುಮತಿಯಿಂದ ಇದ್ದಾರೆಂಬ ಸಹಿಯಿರುವ ಪತ್ರವನ್ನು ಮೊದಲ ದಿನವೇ ಬರೆಸಿಕೊಂಡು, ಪ್ರತಿ ವರ್ಷ ಅದನ್ನು ಹೊಸದಾಗಿ ಸಹಿ ಮಾಡಿಸಿ ಕಡತದಲ್ಲಿಡಿ.